ಆರೋಗ್ಯ ಪ್ರಶ್ನೋತ್ತರ: ಕೊನೆಯ ಮ್ಯಾಚ್ ಎಷ್ಟು ಗಂಟೆಗೆ?

ಪ್ರಶ್ನೆ: ಡಾಕ್ಟ್ರೇ, ಮಗ ಎಸ್‌ಎಸ್‌ಎಲ್‌ಸಿ. ರಾತ್ರಿ ಹತ್ತೂವರೆಗೆ ಮೊಬೈಲಿನಲ್ಲಿ ಬಿಜಿಎಂಐ ಆಡಲು ಕೂತರೆ ಒಂದೂವರೆ ಆಗುತ್ತದೆ. ಬೆಂಗಳೂರಿನಲ್ಲಿರುವ ಅವನ ಚಿಕ್ಕಪ್ಪನ ಮಗ ಕೆಲಸ ಮುಗಿಸಿ ಬರುವುದೇ ಆ ಹೊತ್ತಿಗಂತೆ. ಸ್ಕೂಲ್ ಬಸ್ಸಿಗೆ 6.15ಕ್ಕೆ ಏಳಿಸಬೇಕು. ಮೊದಲ ಪೀರಿಯಡ್‌ನಲ್ಲೇ ತೂಕಡಿಸುತ್ತಾನೆಂದು ಮೇಷ್ಟ್ರು ಹೇಳಿದ್ದಾರೆ. ಭಾನುವಾರ ಹನ್ನೊಂದಕ್ಕೆ ಏಳುತ್ತಾನೆ. ವೈಫೈ ಆಫ್ ಮಾಡಿದರೆ ಮನೆಯಲ್ಲಿ ರಂಪ. ಏನು ಮಾಡಲಿ?
– ಒಬ್ಬ ತಾಯಿ, ನರಸಿಂಹರಾಜಪುರ

ಉತ್ತರ: ಒಂದೂವರೆಯಿಂದ 6.15ಕ್ಕೆ ಲೆಕ್ಕ ಹಾಕಿ, ಐದು ಗಂಟೆಯೂ ಇಲ್ಲ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಕನಸು ಹೆಚ್ಚಾಗಿ ಬೀಳುವ ನಿದ್ದೆ ಬೆಳಗಿನ ಜಾವದ ಕಡೆಗೆ ಇರುತ್ತದೆ. ಬೇಗ ಎಬ್ಬಿಸಿದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಹಗಲು ಓದಿದ್ದು ಮನಸ್ಸಿನಲ್ಲಿ ನಿಲ್ಲಲು ನಿದ್ದೆ ಬೇಕು. ಹಾಗಾಗಿ ರಾತ್ರಿ ಓದಿ ಆಮೇಲೆ ಒಂದೂವರೆವರೆಗೆ ಆಡಿದರೆ ಓದಿದ್ದು ಸರಿಯಾಗಿ ಉಳಿಯುವುದಿಲ್ಲ.

ತಪ್ಪೆಲ್ಲ ಅವನದಲ್ಲ. ಹದಿಹರೆಯದಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ಹಾರ್ಮೋನು ತಡವಾಗಿ ಏರುತ್ತದೆ. ಅದರ ಮೇಲೆ ಆಟ. ಪರದೆಯ ಬೆಳಕನ್ನೇ ಎಲ್ಲರೂ ದೂರುತ್ತಾರೆ, ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡದು ಆಟದ ಉದ್ವೇಗ. ಮ್ಯಾಚ್‌ನ ಕೊನೆಗೆ ನಾಲ್ಕೈದು ಜನ ಉಳಿದಾಗ ಹುಡುಗನ ಎದೆಬಡಿತ ಏರಿರುತ್ತದೆ. ಫೋನ್ ಇಟ್ಟ ತಕ್ಷಣ ಅದು ಇಳಿಯುವುದಿಲ್ಲ. ಸೋತಿದ್ದರೆ ಇನ್ನೊಂದು ಮ್ಯಾಚ್ ಆಡುವ ಹಟ ಬೇರೆ.

ನಡುವೆ ವೈಫೈ ಆಫ್ ಮಾಡಬೇಡಿ. ಒಂದು ಮ್ಯಾಚ್‌ಗೆ ಅರ್ಧ ಗಂಟೆ ಹಿಡಿಯಬಹುದು, ತಂಡದ ಮೂವರು ಅವನನ್ನು ನಂಬಿ ಕೂತಿರುತ್ತಾರೆ. ಮಧ್ಯೆ ಕಿತ್ತುಕೊಂಡರೆ ಸಿಟ್ಟು ಬಂದು ನಿದ್ದೆ ಇನ್ನೂ ದೂರ ಹೋಗುತ್ತದೆ. ಆಟ ನಿಲ್ಲಿಸುವ ಗಂಟೆಯನ್ನಲ್ಲ, ಕೊನೆಯ ಮ್ಯಾಚ್ ಶುರುಮಾಡುವ ಗಂಟೆಯನ್ನು ಅವನ ಜೊತೆಯೇ ಕೂತು ಗೊತ್ತುಮಾಡಿ.

ನಿಮ್ಮ ಮನೆಗೆ ಹೊಂದುವ ಲೆಕ್ಕ ಹೀಗೆ: 8.45ಕ್ಕೆ ಕೊನೆಯ ಮ್ಯಾಚ್, 9.15ಕ್ಕೆ ಫೋನ್ ನಡುಮನೆಯಲ್ಲಿ ಚಾರ್ಜಿಗೆ, 10.15ಕ್ಕೆ ಹಾಸಿಗೆ. ಆಗ ಎಂಟು ಗಂಟೆ ಸಿಗುತ್ತದೆ. ಆದರೆ ಇವತ್ತೇ ಒಂದೂವರೆಯಿಂದ 10.15ಕ್ಕೆ ತಂದರೆ ಮಗ ಹೊರಳಾಡುತ್ತಾನೆ ಅಷ್ಟೇ. ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಹಿಂದಕ್ಕೆ ತನ್ನಿ, ಸುಮಾರು ಮೂರು ವಾರ ಬೇಕು. ಏಳುವ ಸಮಯ ಮಾತ್ರ ಮೊದಲ ದಿನದಿಂದಲೇ ಬದಲಾಗಬಾರದು. ಭಾನುವಾರ ಸ್ವಲ್ಪ ತಡವಾದರೂ 7.30 ದಾಟಬಾರದು, ಎದ್ದ ಕೂಡಲೇ ಅಂಗಳದ ಬೆಳಕಿಗೆ ಬರಲಿ. ಹನ್ನೊಂದಕ್ಕೆ ಎದ್ದವನಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ, ಸೋಮವಾರ ತೂಕಡಿಸುವುದು ಅದರಿಂದಲೇ. ಬೆಂಗಳೂರಿನ ಅಣ್ಣನ ಜೊತೆ ಆಟ ಶನಿವಾರಕ್ಕೆ ಇರಲಿ, 11.30ರವರೆಗೆ.

ಫೋನ್ ಚಾರ್ಜಿಗೆ ಹಾಕಿ ಹಾಸಿಗೆಗೆ ಹೋಗುವ ನಡುವಿನ ಆ ಒಂದು ಗಂಟೆ ಖಾಲಿ ಬಿಟ್ಟರೆ ಕೈ ಮತ್ತೆ ಫೋನಿಗೆ ಹೋಗುತ್ತದೆ. ಬಚ್ಚಲ ಹಂಡೆಯ ಬಿಸಿನೀರಿನ ಸ್ನಾನ ಆ ಹೊತ್ತಿಗೆ ಇಟ್ಟುಕೊಳ್ಳಿ. ಬಿಸಿನೀರಿಗೆ ಕೈಕಾಲಿನ ರಕ್ತನಾಳಗಳು ಹಿಗ್ಗುತ್ತವೆ, ಒಳಗಿನ ಶಾಖ ಹೊರಹೋಗಿ ಮೈ ತಣಿಯುತ್ತದೆ, ತಣಿಯುವ ಮೈಗೆ ನಿದ್ದೆ ಬೇಗ. ಆಮೇಲೆ ನಾಳೆಯ ಹೋಮ್‌ವರ್ಕು, ಪರೀಕ್ಷೆ, ತರಬೇಕಾದ ಸಾಮಾನು ಒಂದು ಹಾಳೆಯಲ್ಲಿ ಬರೆದು, ಬ್ಯಾಗ್ ಜೋಡಿಸಿಡಲಿ. ನಮ್ಮ ಕಾಫಿ ಸೀಮೆಯಲ್ಲಿ ಹೇಳುವುದು ಕಷ್ಟ, ಆದರೂ ಸಂಜೆ ನಾಲ್ಕರ ಮೇಲೆ ಅವನಿಗೆ ಕಾಫಿ, ಟೀ ಬೇಡ. ಕುಡಿದ ಐದಾರು ಗಂಟೆಯ ನಂತರವೂ ಅರ್ಧದಷ್ಟು ಕೆಫೀನ್ ಮೈಯಲ್ಲೇ ಇರುತ್ತದೆ.

ಇಷ್ಟಾದರೂ ಶಾಲೆ ತಪ್ಪಿಸುವುದು, ಫೋನಿಗಾಗಿ ಕೈಮಾಡುವುದು, ಆಟಕ್ಕೆ ಕದ್ದು ದುಡ್ಡು ಹಾಕುವುದು, ಊಟ ಗೆಳೆಯರು ಯಾವುದೂ ಬೇಡವಾಗುವುದು ಕಂಡರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿಯೇ 2014ರಿಂದ ಶಟ್ ಕ್ಲಿನಿಕ್ ಇದೆ. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತಂತಾದರೆ ಅದು ಬೇರೆ ಕಾಯಿಲೆ, ತಾಲ್ಲೂಕು ಆಸ್ಪತ್ರೆಗೆ ತೋರಿಸಿ.

ಪ್ರಶ್ನೆ: ಪಿಕಪ್ ಓಡಿಸುತ್ತೇನೆ ಸಾರ್. ಹನ್ನೆರಡಕ್ಕೆ ಗೇಮ್ ಬಿಟ್ಟರೂ ಒಂದೂವರೆವರೆಗೆ ನಿದ್ದೆ ಬರಲ್ಲ. ಐದಕ್ಕೆ ಲೋಡು.
– ಕೊಪ್ಪ

ಉತ್ತರ: ಹಾಸಿಗೆಯಲ್ಲಿ ಮಲಗಿ ಆಡುತ್ತಿದ್ದರೆ ಮೊದಲು ಅದನ್ನು ಬಿಡಿ. ಮಲಗಿ ಅಂದಾಜು ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ವಾಪಸ್ ಬನ್ನಿ. ಗಡಿಯಾರ ನೋಡಬೇಡಿ. ಲೋಡು ಇರುವ ಹಿಂದಿನ ರಾತ್ರಿ ಆಟವೇ ಬೇಡ. ಮೂರೂವರೆ ಗಂಟೆ ಮಲಗಿದವನಿಗೆ ಸ್ಟೇರಿಂಗ್ ಹಿಡಿದೇ ಕೆಲವು ಸೆಕೆಂಡು ನಿದ್ದೆ ಬಂದುಬಿಡುತ್ತದೆ, ಬಂದದ್ದು ಅವನಿಗೇ ಗೊತ್ತಾಗುವುದಿಲ್ಲ. ಮೇಲಿಂದ ಮೇಲೆ ಆಕಳಿಕೆ ಬಂದರೆ, ದಾಟಿ ಬಂದ ತಿರುವು ನೆನಪಾಗದಿದ್ದರೆ ಗಾಡಿ ಪಕ್ಕಕ್ಕೆ ಹಾಕಿ ಇಪ್ಪತ್ತು ನಿಮಿಷ ಮಲಗಿ. ಲೋಡು ತಡವಾಗಲಿ.