ಹತ್ತು ಎಂಎಲ್ ಎಂದರೆ ಎಷ್ಟು?

ನಮ್ಮ ಶಾಲೆಯಲ್ಲಿ ನರ್ಸ್ ಇಲ್ಲ. ಪ್ರೈಮರಿ ಮಕ್ಕಳು ಮನೆಯಿಂದ ತರುವ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕುಡಿಸುವ ಕೆಲಸ ಏಳು ವರ್ಷದಿಂದ ನನ್ನ ಪಾಲಿಗಿದೆ. ನಾನು ರಜೆ ಹಾಕಿದ ದಿನ ಆಯಾ ಅದನ್ನು ಮಾಡುತ್ತಾರೆ. ಮೊದಲ ವರ್ಷ ಪೋಷಕರಿಗೆ ನಾನೇ ಬರೆದ ಸುತ್ತೋಲೆ ಒಂದೇ ಸಾಲಿನದು: ‘ಔಷಧಿ ಕಳಿಸುವವರು ಅದರ ಮೇಲೆ ಮಗುವಿನ ಹೆಸರು, ತರಗತಿ ಬರೆದು, ಎಷ್ಟು ಕೊಡಬೇಕೆಂದು ಡೈರಿಯಲ್ಲಿ ತಿಳಿಸಿ.’ ಇಷ್ಟು ಸಾಕು ಅಂದುಕೊಂಡಿದ್ದೆ. ಸಾಲದು ಎಂದು ತಿಳಿದದ್ದು ಒಂದು ಮಧ್ಯಾಹ್ನ.

ಯುಕೆಜಿ ಹುಡುಗನೊಬ್ಬನಿಗೆ ಹಿಂದಿನ ದಿನ ಹಲ್ಲು ಕೀಳಿಸಿದ್ದರು. ನೋವಿದ್ದರೆ ಕೊಡಿ ಎಂದು ಪ್ಯಾರಾಸಿಟಮಾಲ್ ಸಿರಪ್ ಕಳಿಸಿದ್ದರು. ಬಾಟಲಿಯ ಮೇಲೆ ಹೆಸರಿತ್ತು, ತರಗತಿ ಇತ್ತು. ಡೈರಿಯಲ್ಲಿ ಅವನ ತಾಯಿ ಅಚ್ಚುಕಟ್ಟಾಗಿ ಬರೆದಿದ್ದರು: ‘ಊಟ ಆದಮೇಲೆ 10 ಎಂಎಲ್.’ ಸುತ್ತೋಲೆ ಕೇಳಿದ್ದೆಲ್ಲ ಅಲ್ಲಿತ್ತು. ಅಳತೆಯ ಮುಚ್ಚಳಕ್ಕೆ ಐದು ಎಂಎಲ್ ಸುರಿದು, ಎರಡನೇ ಸಲ ಸುರಿಯುವ ಮುಂಚೆ ಬಾಟಲಿ ತಿರುಗಿಸಿದಾಗ 250 ಎಂಬ ಅಂಕಿ ಕಣ್ಣಿಗೆ ಬಿತ್ತು. ನನ್ನ ಮಗಳಿಗೆ ಅದೇ ವಯಸ್ಸಿನಲ್ಲಿ ಕುಡಿಸುತ್ತಿದ್ದ ಬಾಟಲಿಯ ಮೇಲೆ 120 ಎಂದಿದ್ದದ್ದು ನೆನಪಿತ್ತು. ಕೈ ತಡೆಯಿತು. ತಾಯಿಗೆ ಫೋನ್ ಮಾಡಿದೆ.

“ಮಿಸ್, ಡಾಕ್ಟ್ರು ಹತ್ತು ಎಂಎಲ್ ಅಂತಾನೇ ಬರೆದಿದ್ದಾರೆ. ಹಳೇ ಬಾಟ್ಲಿ ಖಾಲಿ ಆಗಿತ್ತು, ನಿನ್ನೆ ರಾತ್ರಿ ಅವರಪ್ಪ ಹೊಸದು ತಂದ್ರು. ಅದೇ ಔಷಧಿನೇ.”

ಅದೇ ಔಷಧಿ ಹೌದು. ಹೆಸರೂ ಅದೇ, ಕಂಪನಿಯೂ ಅದೇ. ಆದರೆ ಹಳೆಯ ಬಾಟಲಿಯಲ್ಲಿ ಪ್ರತಿ ಐದು ಎಂಎಲ್‌ಗೆ 120 ಮಿಲಿಗ್ರಾಂ ಔಷಧಿ, ಹೊಸದರಲ್ಲಿ ಅಷ್ಟೇ ಸಿರಪ್‌ನಲ್ಲಿ 250. ಹುಡುಗನ ತೂಕ 16 ಕಿಲೋ. ಈ ಔಷಧಿಯನ್ನು ಮಕ್ಕಳಿಗೆ ಸಾಮಾನ್ಯವಾಗಿ ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ, ಅಂದರೆ ಅವನಿಗೆ ಒಂದು ಹೊತ್ತಿಗೆ 240. ಹಳೆಯ ಬಾಟಲಿಯಿಂದಾದರೆ ಸರಿಯಾಗಿ ಹತ್ತು ಎಂಎಲ್. ಹೊಸದರಿಂದ ಹತ್ತು ಕುಡಿಸಿದ್ದರೆ 500 ಮಿಲಿಗ್ರಾಂ, ಎರಡರಷ್ಟಕ್ಕೂ ಮೇಲೆ. ಒಂದು ಸಲ ಹಾಗಾದರೆ ಮಗುವಿಗೆ ಅಪಾಯವಾಗುವ ಸಂಭವ ಕಡಿಮೆ ಎಂದು ಆಮೇಲೆ ಮಕ್ಕಳ ಡಾಕ್ಟರೊಬ್ಬರು ಸಮಾಧಾನ ಹೇಳಿದರು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಹೀಗೇ ಎರಡು ಮೂರು ದಿನ ನಡೆದರೆ ಲಿವರ್‌ಗೆ ಪೆಟ್ಟಾಗಬಹುದು ಎಂದೂ ಅವರೇ ಹೇಳಿದರು. ಆ ತಾಯಿ ಅಂದು ಬೆಳಗ್ಗೆ ಏಳಕ್ಕೆ ಹೊಸ ಬಾಟಲಿಯಿಂದಲೇ ಹತ್ತು ಎಂಎಲ್ ಕುಡಿಸಿಯಾಗಿತ್ತು. ನಾನು ಮುಚ್ಚಳಕ್ಕೆ ಸುರಿದದ್ದನ್ನೂ ಕೊಡಲಿಲ್ಲ. ಅವರು ಡಾಕ್ಟರಿಗೆ ಫೋನ್ ಮಾಡಿದರು, ಸಂಜೆ ಹೋಗಿ ತೋರಿಸಿಕೊಂಡು ಬಂದರು.

ತಪ್ಪು ಅವರದಲ್ಲ, ನನ್ನ ಸುತ್ತೋಲೆಯದು. ‘ಎಷ್ಟು’ ಎಂದು ಕೇಳಿದ್ದೆನೇ ಹೊರತು ‘ಯಾವುದರಲ್ಲಿ ಎಷ್ಟು’ ಎಂದು ಕೇಳಿರಲಿಲ್ಲ. ಎಂಎಲ್ ಎನ್ನುವುದು ದ್ರವದ ಅಳತೆ. ಅದರೊಳಗೆ ಔಷಧಿ ಎಷ್ಟು ಕರಗಿದೆ ಎಂಬುದನ್ನು ಬಾಟಲಿಯ ಮೇಲಿನ ಮಿಲಿಗ್ರಾಂ ಅಂಕಿ ಮಾತ್ರ ಹೇಳುತ್ತದೆ. ಇನ್ನೂ ಚಿಕ್ಕ ಮಕ್ಕಳಿಗೆ ಕೊಡುವ ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. ಅದನ್ನು ಸಿರಪ್ ಎಂದುಕೊಂಡು ಚಮಚದಲ್ಲಿ ಅಳೆದರೆ ಏನಾದೀತು ಎಂದು ನೆನೆದರೇ ಎದೆ ನಡುಗುತ್ತದೆ. ಚಮಚವೂ ಒಂದೇ ಅಳತೆಯದಲ್ಲ. ಸ್ಟಾಫ್ ರೂಮಿನಲ್ಲಿದ್ದ ನಾಲ್ಕು ಟೀ ಚಮಚಗಳನ್ನು ಸಿರಿಂಜಿನಿಂದ ನೀರು ತುಂಬಿಸಿ ಅಳೆದು ನೋಡಿದೆ. ಒಂದು ಮೂರು ಎಂಎಲ್‌ಗೆ ತುಂಬಿತು, ಇನ್ನೊಂದು ಆರನ್ನೂ ಹಿಡಿಯಿತು.

ಮುಂದಿನ ಸುತ್ತೋಲೆಯಲ್ಲಿ ಅಂಟುಚೀಟಿಯ ಮಾದರಿಯನ್ನೇ ಅಚ್ಚು ಹಾಕಿಸಿದೆ. ಆ ಹುಡುಗನದೇ ಲೆಕ್ಕ ಇಟ್ಟುಕೊಂಡು, ಹೆಸರು ಮಾತ್ರ ಬಿಟ್ಟು, ತುಂಬಿ ತೋರಿಸಿದ್ದೆ:

‘ಮಗುವಿನ ಹೆಸರು, ತಂದೆ ಅಥವಾ ತಾಯಿಯ ಹೆಸರು, ತರಗತಿ ಮತ್ತು ಸೆಕ್ಷನ್.
ಔಷಧಿ: ಪ್ಯಾರಾಸಿಟಮಾಲ್ ಸಿರಪ್, 5 ಎಂಎಲ್‌ಗೆ 120 ಮಿಲಿಗ್ರಾಂ.
ಎಷ್ಟು: 10 ಎಂಎಲ್, ಜೊತೆಗಿರುವ ಮುಚ್ಚಳದಲ್ಲಿ ಎರಡು ಸಲ 5.
ಯಾವಾಗ: ಹಲ್ಲು ನೋವು ಎಂದರೆ ಮಾತ್ರ, ಮಧ್ಯಾಹ್ನ 1ರ ನಂತರ.
ಮನೆಯಲ್ಲಿ ಕೊನೆಯದಾಗಿ ಕೊಟ್ಟದ್ದು: ಇಂದು ಬೆಳಗ್ಗೆ 7ಕ್ಕೆ.
ಇಂದಿನ ತಾರೀಖು, ಫೋನ್ ನಂಬರ್.’

ತಂದೆ ಅಥವಾ ತಾಯಿಯ ಹೆಸರು ಬೇಕಾದದ್ದು ಒಂದೇ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು, ಕೆಲವು ವರ್ಷ ಮೂವರು ಇರುವುದರಿಂದ. ಕೊನೆಯದಾಗಿ ಕೊಟ್ಟ ಹೊತ್ತನ್ನು ಬರೆಯದಿದ್ದರೆ ಒಂದು ಗಂಟೆಗೆ ನಾನು ಕೊಡುವುದು ಎರಡನೇ ಸಲದ್ದೋ ಮೂರನೆಯದ್ದೋ ನನಗೆ ಗೊತ್ತಾಗುವುದಿಲ್ಲ. ಕನ್ನಡದಲ್ಲೇ ಬರೆಯಿರಿ ಎಂದು ಕೇಳಿಕೊಂಡೆ, ಏಕೆಂದರೆ ನಮ್ಮ ಆಯಾ ಓದುವುದು ಕನ್ನಡ.

ಚೀಟಿಗಳು ಬರತೊಡಗಿದ ಮೇಲೆ ಬೇರೆ ತೊಡಕು ಕಂಡವು. ಕೆಲವರು ಚೀಟಿಯನ್ನು ಹೊರಗಿನ ರಟ್ಟಿನ ಡಬ್ಬಿಗೆ ಅಂಟಿಸುತ್ತಿದ್ದರು. ಡಬ್ಬಿ ಒಂದೇ ದಿನದಲ್ಲಿ ಹರಿದು ಕಸಕ್ಕೆ ಹೋಗಿ ಬಾಟಲಿ ಅನಾಥವಾಗುತ್ತಿತ್ತು. ಇನ್ನು ಕೆಲವರು ಬಾಟಲಿಯ ಮೇಲಿನ ಎಕ್ಸ್‌ಪೈರಿ ತಾರೀಖಿನ ಮೇಲೆಯೇ ಅಂಟಿಸುತ್ತಿದ್ದರು. ಸಿರಪ್ ಸೋರಿ ಪೆನ್ನಿನ ಶಾಯಿ ಹರಡಿ 1 ಯಾವುದು 7 ಯಾವುದು ತಿಳಿಯದಾಗುತ್ತಿತ್ತು. ಹಾಗಾಗಿ ಬಾಟಲಿಯ ಹಿಂಬದಿಗೆ, ಅಚ್ಚಾದ ಅಕ್ಷರ ಮುಚ್ಚದ ಹಾಗೆ ಅಂಟಿಸಿ, ಮೇಲೆ ಪಾರದರ್ಶಕ ಟೇಪ್ ಸುತ್ತಿ ಎಂದು ಸೇರಿಸಿದೆ. ನೀರು ಬೆರೆಸಿ ಕುಡಿಸುವ ಪುಡಿ ಆಂಟಿಬಯೋಟಿಕ್ ಆದರೆ ಬೆರೆಸಿದ ದಿನವನ್ನೂ ಬರೆಯಬೇಕು. ಅಂಥ ಹಲವು ಔಷಧಿಗಳು ಬೆರೆಸಿದ ಮೇಲೆ ಫ್ರಿಜ್‌ನಲ್ಲಿಟ್ಟರೂ ಬಾಳುವುದು ಒಂದು ವಾರ.

ಹೆಚ್ಚು ಕಾಡಿದ್ದು ಮಾತ್ರೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಹತ್ತರ ಸ್ಟ್ರಿಪ್ಪಿನಿಂದ ಬೇಕಾದ ಮೂರೋ ನಾಲ್ಕೋ ಮಾತ್ರೆಯನ್ನು ಕತ್ತರಿಸಿ ಕೊಡುತ್ತಾರೆ. ಮನೆಯವರು ಅದರಲ್ಲಿ ಒಂದನ್ನು ಮತ್ತೆ ಕತ್ತರಿಸಿ ಟಿಫನ್ ಬಾಕ್ಸಿನ ಜೊತೆ ಕಳಿಸುತ್ತಾರೆ. ಅನೇಕ ಸ್ಟ್ರಿಪ್ಪುಗಳಲ್ಲಿ ಬ್ಯಾಚ್ ನಂಬರು, ಎಕ್ಸ್‌ಪೈರಿ ಒಂದು ತುದಿಯಲ್ಲಷ್ಟೇ ಅಚ್ಚಾಗಿರುತ್ತವೆ. ನನ್ನ ಕೈಗೆ ಬರುವ ತುಂಡಿನ ಹಿಂದೆ ಹೆಸರಿನ ಅರ್ಧ ಭಾಗ, ‘ಐಪಿ’ ಎಂಬ ಎರಡಕ್ಷರ, ಕೆಲವೊಮ್ಮೆ ಬರೀ ಬೆಳ್ಳಿ ಹಾಳೆ. ಚೀಟಿಯಲ್ಲಿ ಏನೇ ಬರೆದಿರಲಿ, ಒಳಗಿರುವುದು ಅದೇ ಮಾತ್ರೆ ಎಂದು ಹೋಲಿಸಿ ನೋಡಲು ನನಗೆ ಏನೂ ಉಳಿದಿರುವುದಿಲ್ಲ. ಈಗ ಹೆಸರು, ಮಿಲಿಗ್ರಾಂ, ಎಕ್ಸ್‌ಪೈರಿ ಓದಲು ಬರುವ ತುಂಡನ್ನಷ್ಟೇ ತೆಗೆದುಕೊಳ್ಳುತ್ತೇವೆ. ಅಂಗಡಿಯಲ್ಲಿ ಕತ್ತರಿಸುವಾಗಲೇ ಎಕ್ಸ್‌ಪೈರಿ ಇರುವ ತುದಿಯನ್ನು ಕೇಳಿ ಪಡೆಯಿರಿ ಎಂದು ಸುತ್ತೋಲೆಯಲ್ಲಿದೆ. ಕಾಗದದಲ್ಲಿ ಸುತ್ತಿದ ಬಿಡಿ ಮಾತ್ರೆಯನ್ನು ಮನೆಗೆ ಹಿಂದಿರುಗಿಸುತ್ತೇವೆ. ಇದರಿಂದ ಒಂದಿಬ್ಬರು ಪೋಷಕರು ಬೇಸರಪಟ್ಟುಕೊಂಡರು. ಆದರೂ ಆ ನಿಯಮವನ್ನು ನಾನು ಸಡಿಲಿಸಿಲ್ಲ.

ಈ ವರ್ಷ ಸುತ್ತೋಲೆಯ ಮೊದಲ ಸಾಲನ್ನೇ ಬದಲಾಯಿಸಿದ್ದೇನೆ. ಡಾಕ್ಟರ ಚೀಟಿಯಲ್ಲಿ 1-0-1 ಎಂದಿದ್ದರೆ ಮಧ್ಯದ ಸೊನ್ನೆ ಮಧ್ಯಾಹ್ನದ್ದು. ಆ ಔಷಧಿ ಶಾಲೆಗೆ ಬರಬೇಕಾಗಿಯೇ ಇಲ್ಲ. 1-1-1 ಇದ್ದರೆ ನಡುವಿನದನ್ನು ಮಗು ಮನೆಗೆ ಬಂದ ಮೇಲೆ ನಾಲ್ಕು ಗಂಟೆಗೆ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ ನೋಡಿ ಎಂದು ಬರೆದೆ. ಜೂನ್‌ನಲ್ಲಿ ಇದು ಹೋದ ಮೇಲೆ ಬಾಟಲಿಗಳು ಕಡಿಮೆಯಾದವು. ಈಗ ನನ್ನ ಬೀರುವಿನಲ್ಲಿ ಹೆಚ್ಚಾಗಿ ಉಳಿದಿರುವುದು ಉಬ್ಬಸದ ಮಕ್ಕಳ ಇನ್‌ಹೇಲರ್‌ಗಳು. ಅವುಗಳ ಚೀಟಿಯನ್ನು ಮುಚ್ಚಳಕ್ಕಲ್ಲ, ಮೈಗೇ ಅಂಟಿಸಲು ಹೇಳುತ್ತೇನೆ. ಮುಚ್ಚಳಗಳು ಒಂದರದ್ದು ಇನ್ನೊಂದಕ್ಕೆ ಕೂರುತ್ತವೆ.