ಮಗುವಿನ ಗಂಟಲು ನೋವಿಗೆ ಆಸ್ಪಿರಿನ್ ಏಕೆ ಬೇಡ?

ಮನೆಯಲ್ಲಿ ಔಷಧಿ ಇಡುವ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ಅಜ್ಜನ ಹೃದಯಕ್ಕೆಂದು ವೈದ್ಯರು ಬರೆದುಕೊಟ್ಟ 75 ಮಿಲಿಗ್ರಾಂನ ಪುಟ್ಟ ಮಾತ್ರೆ ಅದರಲ್ಲಿ ಇರಬಹುದು. ತಲೆನೋವು ಬಂದಾಗ ನೀರಿನಲ್ಲಿ ಕರಗಿಸಿ ಕುಡಿಯುವ ದೊಡ್ಡ ಮಾತ್ರೆಯೂ ಇರಬಹುದು. ಹೆಸರು ಬೇರೆ, ಬಣ್ಣ ಬೇರೆ. ಆದರೆ ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಎರಡರಲ್ಲೂ ಒಂದೇ ಔಷಧಿ ಕಾಣಬಹುದು: ಆಸ್ಪಿರಿನ್. ಕೆಲವು ಸ್ಟ್ರಿಪ್‌ಗಳ ಮೇಲೆ ಅದನ್ನೇ ‘ಅಸಿಟೈಲ್ ಸ್ಯಾಲಿಸಿಲಿಕ್ ಆಸಿಡ್’ ಎಂದು ಬರೆದಿರುತ್ತಾರೆ. ಈ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ಇಂದಿನ ಪಾಠ ಇಲ್ಲಿಂದಲೇ ಆರಂಭ.

ಆಸ್ಪಿರಿನ್ ಜ್ವರ ಇಳಿಸುತ್ತದೆ, ನೋವು ಕಡಿಮೆ ಮಾಡುತ್ತದೆ. ದೊಡ್ಡವರಿಗೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಕೊಡುತ್ತ ಬಂದಿರುವ ಔಷಧಿ ಇದು. ಹಾಗಿರುವಾಗ ಗಂಟಲು ಕೆರೆತ, ಜ್ವರ ಎಂದು ಮಲಗಿದ ಮಗುವಿಗೆ ಅದರ ಅರ್ಧ ಮಾತ್ರೆ ಕೊಟ್ಟರೆ ಏನಾಗುತ್ತದೆ ಎಂದು ನೀವು ಕೇಳಬಹುದು. ಬಹುತೇಕ ಮಕ್ಕಳಿಗೆ ಏನೂ ಆಗುವುದಿಲ್ಲ. ಆದರೆ ಎಲ್ಲೋ ಒಂದು ಮಗುವಿಗೆ ಯಕೃತ್ತನ್ನೂ ಮಿದುಳನ್ನೂ ಒಟ್ಟಿಗೆ ಕೆಡಿಸುವ ಕಾಯಿಲೆ ಬರುತ್ತದೆ. ಯಕೃತ್ತು ಎಂದರೆ ನಾವು ಮಾತಿನಲ್ಲಿ ಲಿವರ್ ಎನ್ನುವ ಅಂಗ. ಈ ಕಾಯಿಲೆಯ ಹೆಸರು ರೈ ಸಿಂಡ್ರೋಮ್. ಸಿಂಡ್ರೋಮ್ ಎಂದರೆ ಒಟ್ಟಾಗಿ ಕಾಣಿಸಿಕೊಳ್ಳುವ ಲಕ್ಷಣಗಳ ಗುಂಪು. ‘ರೈ’ ಎಂದೊಡನೆ ನಮ್ಮ ಕರಾವಳಿಯವರ ನೆನಪಾದರೆ ತಪ್ಪಿಲ್ಲ, ಆದರೆ ಈ ಕಾಯಿಲೆಗೆ ಹೆಸರು ಕೊಟ್ಟ ರೈ ಆಸ್ಟ್ರೇಲಿಯಾದವರು.

ಡಗ್ಲಸ್ ರೈ ಸಿಡ್ನಿಯ ಮಕ್ಕಳ ಆಸ್ಪತ್ರೆಯಲ್ಲಿ ರೋಗಶಾಸ್ತ್ರಜ್ಞರಾಗಿದ್ದರು. ಮೃತದೇಹಗಳನ್ನೂ ಅಂಗಾಂಶಗಳನ್ನೂ ಪರೀಕ್ಷಿಸಿ ಕಾಯಿಲೆಯ ಮೂಲ ಹುಡುಕುವುದು ಅವರ ಕೆಲಸ. 1951ರಿಂದ ಮುಂದಿನ ಹತ್ತು ಹನ್ನೊಂದು ವರ್ಷಗಳಲ್ಲಿ ಆ ಆಸ್ಪತ್ರೆಗೆ ಬಂದ 21 ಮಕ್ಕಳ ವಿವರವನ್ನು ಅವರು ಮತ್ತು ಸಹೋದ್ಯೋಗಿಗಳು 1963ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 21ರಲ್ಲಿ 17 ಮಕ್ಕಳು ತೀರಿಕೊಂಡಿದ್ದರು. ಸಣ್ಣದೊಂದು ನೆಗಡಿ ಜ್ವರದ ಬೆನ್ನಿಗೆ ವಾಂತಿ, ಫಿಟ್ಸ್, ಪ್ರಜ್ಞೆ ತಪ್ಪುವುದು. ಹೆಚ್ಚು ಕಡಿಮೆ ಎಲ್ಲರ ಕಥೆಯೂ ಇದೇ. ದೇಹವನ್ನು ತೆರೆದು ನೋಡಿದಾಗ ಮಿದುಳು ಊದಿಕೊಂಡಿತ್ತು. ಕೆಂಗಂದು ಬಣ್ಣದಲ್ಲಿರಬೇಕಾದ ಯಕೃತ್ತು ಹೊಳೆಯುವ ಹಳದಿಯಾಗಿತ್ತು. ಸೂಕ್ಷ್ಮದರ್ಶಕದ ಕೆಳಗೆ ಅದರ ಜೀವಕೋಶಗಳಲ್ಲಿ ಕೊಬ್ಬಿನ ಸಣ್ಣ ಸಣ್ಣ ಹನಿಗಳು ತುಂಬಿಕೊಂಡಿದ್ದವು. ಏಕೆ ಹೀಗಾಯಿತು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಆ ಕೊಬ್ಬಿನ ಹನಿಗಳಲ್ಲೇ ಉತ್ತರದ ಎಳೆ ಇದೆ. ಅದನ್ನು ನಿಧಾನವಾಗಿ ಬಿಡಿಸೋಣ.

ಜ್ವರ ಬಂದ ಮಗು ಸರಿಯಾಗಿ ಊಟ ಮಾಡುವುದಿಲ್ಲ. ಗಂಟಲು ನೋಯುತ್ತಿದ್ದರಂತೂ ಗಂಜಿ ನುಂಗುವುದೂ ಕಷ್ಟ. ಊಟವಿಲ್ಲದಾಗ ದೇಹ ಮೊದಲು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಬಳಸುತ್ತದೆ. ಚಿಕ್ಕ ಮಕ್ಕಳಲ್ಲಿ ಈ ದಾಸ್ತಾನು ಚಿಕ್ಕದು, ಬೇಗ ಮುಗಿಯುತ್ತದೆ. ಆಮೇಲೆ ಯಕೃತ್ತು ಕೊಬ್ಬನ್ನು ಉರಿಸಿ ಶಕ್ತಿ ಪಡೆಯಬೇಕು. ಆ ಉರಿಸುವ ಕೆಲಸ ನಡೆಯುವುದು ಯಕೃತ್ತಿನ ಜೀವಕೋಶಗಳೊಳಗಿರುವ ಮೈಟೊಕಾಂಡ್ರಿಯಾ ಎಂಬ ಅತಿ ಸಣ್ಣ ಭಾಗಗಳಲ್ಲಿ. ಅವುಗಳನ್ನು ಜೀವಕೋಶದ ಒಲೆಗಳು ಎಂದುಕೊಳ್ಳಿ, ಕೊಬ್ಬು ಸೌದೆ.

ಈಗ ಆಸ್ಪಿರಿನ್ ಒಳಗೆ ಹೋಗುತ್ತದೆ. ದೇಹದಲ್ಲಿ ಅದು ಬೇಗನೆ ಸ್ಯಾಲಿಸಿಲೇಟ್ ಎಂಬ ರೂಪಕ್ಕೆ ಬದಲಾಗುತ್ತದೆ. ಸ್ಯಾಲಿಸಿಲೇಟಿಗೆ ಈ ಒಲೆಗಳ ಉರಿಯನ್ನು ಕುಂದಿಸುವ ಗುಣವಿದೆ. ಸಾಮಾನ್ಯ ದಿನಗಳಲ್ಲಿ ಯಕೃತ್ತು ಅದನ್ನು ಹೇಗೋ ತಾಳಿಕೊಳ್ಳುತ್ತದೆ. ಆದರೆ ವೈರಸ್ ಸೋಂಕಿನಿಂದ ಒಲೆಗಳು ಮೊದಲೇ ಬಳಲಿರುವಾಗ, ಎಲ್ಲೋ ಕೆಲವು ಮಕ್ಕಳಲ್ಲಿ ಎರಡೂ ಪೆಟ್ಟು ಸೇರಿ ಉರಿ ನಂದಿದಂತಾಗುತ್ತದೆ. ಸೌದೆ ಬಂದು ಬೀಳುತ್ತಲೇ ಇರುತ್ತದೆ, ಉರಿಯುವುದಿಲ್ಲ. ರೈ ಅವರು ಕಂಡ ಕೊಬ್ಬಿನ ಹನಿಗಳು ಹೀಗೆ ಉರಿಯದೆ ಉಳಿದ ಸೌದೆ. ಸೂಕ್ಷ್ಮ ವಿವರಗಳಲ್ಲಿ ವಿಜ್ಞಾನಿಗಳ ಚರ್ಚೆ ಇನ್ನೂ ಇದೆ, ಆದರೆ ಕೆಡುವುದು ಮೈಟೊಕಾಂಡ್ರಿಯಾ ಎಂಬುದರಲ್ಲಿ ಒಮ್ಮತವಿದೆ.

ಇಲ್ಲಿಂದ ಮಿದುಳಿಗೆ ಹೋಗುವ ದಾರಿ ಹೀಗೆ. ನಾವು ತಿಂದ ಬೇಳೆ, ಹಾಲು, ಮೊಟ್ಟೆಗಳ ಪ್ರೋಟೀನು ಕರಗುವಾಗ ಅಮೋನಿಯಾ ಎಂಬ ವಿಷವಸ್ತು ಹುಟ್ಟುತ್ತದೆ. ಅದನ್ನು ಯೂರಿಯಾ ಆಗಿ ಬದಲಿಸಿ ಮೂತ್ರದಲ್ಲಿ ಹೊರಹಾಕಲು ಅನುವು ಮಾಡಿಕೊಡುವುದು ಯಕೃತ್ತು. ಆ ಕೆಲಸದ ಮೊದಲ ಹಂತಗಳೂ ಮೈಟೊಕಾಂಡ್ರಿಯಾದೊಳಗೇ ನಡೆಯುತ್ತವೆ. ಅವು ನಿಂತರೆ ರಕ್ತದಲ್ಲಿ ಅಮೋನಿಯಾ ಏರುತ್ತದೆ, ಮಿದುಳನ್ನು ಸೇರುತ್ತದೆ, ಮಿದುಳು ಊದತೊಡಗುತ್ತದೆ. ಕೈಕಾಲು ಊದಿದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ, ತಲೆಬುರುಡೆ ಹಿಗ್ಗುವುದಿಲ್ಲ. ಸಾವು ಬರುವುದು ಹೆಚ್ಚಾಗಿ ಈ ಒತ್ತಡದಿಂದ.

ಆಸ್ಪಿರಿನ್‌ಗೂ ಇದಕ್ಕೂ ನಂಟಿದೆ ಎಂದು ತಿಳಿದದ್ದು ಹೇಗೆ? ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಫ್ಲೂ ಜ್ವರ ಹರಡಿದ್ದಾಗ ಏಳು ಮಕ್ಕಳಿಗೆ ರೈ ಸಿಂಡ್ರೋಮ್ ಬಂತು. ಕ್ಯಾರೆನ್ ಸ್ಟಾರ್ಕೊ ಎಂಬ ವೈದ್ಯೆ ಆ ಮನೆಗಳಲ್ಲಿ ಯಾವ ಔಷಧಿ ಕೊಟ್ಟಿದ್ದರು ಎಂದು ವಿಚಾರಿಸಿದರು. ಏಳಕ್ಕೆ ಏಳೂ ಮಕ್ಕಳು ಸ್ಯಾಲಿಸಿಲೇಟ್ ಇರುವ ಔಷಧಿ ತೆಗೆದುಕೊಂಡಿದ್ದರು. ಇಷ್ಟೇ ಆಗಿದ್ದರೆ ಏನೂ ಸಾಬೀತಾಗುತ್ತಿರಲಿಲ್ಲ, ಏಕೆಂದರೆ ಆಗ ಜ್ವರ ಬಂದ ಮಕ್ಕಳಿಗೆ ಆಸ್ಪಿರಿನ್ ಕೊಡುವುದೇ ರೂಢಿ. ಹಾಗಾಗಿ ಅದೇ ಜ್ವರ ಬಂದು ಸುಮ್ಮನೆ ಗುಣವಾದ 16 ಸಹಪಾಠಿಗಳನ್ನೂ ಅವರು ವಿಚಾರಿಸಿದರು. ಅವರಲ್ಲಿ ಅದನ್ನು ತೆಗೆದುಕೊಂಡಿದ್ದವರು ಎಂಟೇ ಮಂದಿ. 1980ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು. ಆದರೆ ಬೇರೆ ರಾಜ್ಯಗಳ ದೊಡ್ಡ ಅಧ್ಯಯನಗಳೂ ಅದೇ ಮಾತನ್ನು ಹೇಳಿದವು.

ಅಮೆರಿಕದಲ್ಲಿ 1979–80ರ ಒಂದೇ ಸಾಲಿನಲ್ಲಿ 555 ಪ್ರಕರಣಗಳು ವರದಿಯಾಗಿದ್ದವು. ಅಲ್ಲಿನ ಸರ್ಕಾರ ಎಚ್ಚರಿಕೆ ಕೊಟ್ಟ ಮೇಲೆ, ಮಾತ್ರೆಯ ಪೊಟ್ಟಣಗಳ ಮೇಲೂ ಅದನ್ನು ಮುದ್ರಿಸಿದ ಮೇಲೆ, 1987ರಿಂದೀಚೆಗೆ ವರ್ಷಕ್ಕೆ 36ಕ್ಕಿಂತ ಹೆಚ್ಚು ಪ್ರಕರಣ ಕಾಣಲಿಲ್ಲ. ಈ ಇಳಿಕೆಗೆ ಇನ್ನೊಂದು ಕಾರಣವೂ ಸ್ವಲ್ಪ ಮಟ್ಟಿಗೆ ಇದೆ. ಹುಟ್ಟಿನಿಂದಲೇ ಕೊಬ್ಬನ್ನು ಉರಿಸಲಾರದ ಕೆಲವು ಮಕ್ಕಳಲ್ಲೂ ಇಂಥದೇ ಲಕ್ಷಣ ಕಾಣುತ್ತದೆ. ಅವರನ್ನು ಈಗ ಬೇರೆಯಾಗಿ ಗುರುತಿಸುತ್ತಾರೆ.

ಈಗ ಗಂಟಲಿಗೆ ಬರೋಣ. ಮಕ್ಕಳ ಗಂಟಲು ನೋವಿನಲ್ಲಿ ಹೆಚ್ಚಿನವು ವೈರಸ್‌ನಿಂದ ಬರುವಂಥವು. ರೈ ಸಿಂಡ್ರೋಮಿಗೆ ಹೆಚ್ಚಾಗಿ ಅಂಟಿಕೊಂಡಿರುವ ಎರಡು ಸೋಂಕುಗಳು ಫ್ಲೂ ಮತ್ತು ಸೀತಾಳೆ ಸಿಡುಬು. ಫ್ಲೂ ಮೊದಲ ದಿನ ಬರುವುದೇ ಗಂಟಲು ನೋವು, ಜ್ವರ, ಮೈಕೈ ನೋವಿನ ರೂಪದಲ್ಲಿ. ಸೀತಾಳೆಯ ಗುಳ್ಳೆ ಏಳುವ ಮುನ್ನ ಒಂದೆರಡು ದಿನ ಬರೀ ಜ್ವರ ಇರಬಹುದು. ಮೊದಲ ದಿನ ಮಗುವಿನ ಬಾಯಿಗೆ ಟಾರ್ಚ್ ಹಿಡಿದು ನೋಡಿದಾಗ ನಿಮಗೆ ಕಾಣುವುದು ಕೆಂಪಾದ ಗಂಟಲು ಮಾತ್ರ. ಅದರ ಹಿಂದೆ ಯಾವ ವೈರಸ್ ಇದೆ, ಈ ಮಗು ಆ ಅಪರೂಪದ ಒಂದೇ ಎಂಬುದು ನಿಮಗೂ ತಿಳಿಯದು, ಬರಿಗಣ್ಣಿನಿಂದ ವೈದ್ಯರಿಗೂ ತಿಳಿಯದು. ಮೇಲಾಗಿ ಜ್ವರ ಇಳಿಸಲು ಬೇರೆ ಔಷಧಿ ಇದೆ. ಆದ್ದರಿಂದಲೇ ಬ್ರಿಟನ್ನಿನಲ್ಲಿ 1986ರಲ್ಲಿ 12 ವರ್ಷದೊಳಗಿನವರಿಗೆ ಹಾಕಿದ ಈ ಎಚ್ಚರಿಕೆಯ ಗೆರೆಯನ್ನು 2002ರಲ್ಲಿ 16ಕ್ಕೆ ಏರಿಸಿದರು. ಆಸ್ಪಿರಿನ್ ಕರಗಿಸಿದ ನೀರಿನಲ್ಲಿ ಬಾಯಿ ಮುಕ್ಕಳಿಸುವ ಹಳೆಯ ಉಪಾಯವೂ ಮಕ್ಕಳಿಗೆ ಬೇಡ. ಮಕ್ಕಳು ಮುಕ್ಕಳಿಸುವಾಗ ನುಂಗಿಯೇ ನುಂಗುತ್ತಾರೆ.

ಒಂದು ಕಲ್ಪಿತ ಉದಾಹರಣೆಯಿಂದ ಕಾಯಿಲೆಯ ನಡೆಯನ್ನು ನೋಡೋಣ. ಆರು ವರ್ಷದ, 20 ಕಿಲೋ ತೂಕದ ಹುಡುಗಿ. ಸೋಮವಾರ ಗಂಟಲು ನೋವು, ಜ್ವರ. ಮನೆಯಲ್ಲಿದ್ದ ಆಸ್ಪಿರಿನ್ ಮಾತ್ರೆಯನ್ನು ಅರ್ಧ ಮುರಿದು ಮೂರು ದಿನ ಕೊಟ್ಟರು. ಗುರುವಾರ ಜ್ವರ ಬಿಟ್ಟಿತು, ಹುಡುಗಿ ಎದ್ದು ಆಡಿದಳು. ಶುಕ್ರವಾರ ಬೆಳಿಗ್ಗೆ ವಾಂತಿ ಶುರು. ಕುಡಿದ ನೀರೂ ನಿಲ್ಲಲಿಲ್ಲ. ಭೇದಿ ಇಲ್ಲ, ಜ್ವರ ಇಲ್ಲ, ಕಣ್ಣು ಹಳದಿಯಾಗಿಲ್ಲ. ಏನೋ ತಿಂದದ್ದು ಆಗಿಬರಲಿಲ್ಲ ಎಂದುಕೊಂಡರು. ಸಂಜೆಗೆ ಮಂಪರು. ಎಬ್ಬಿಸಿದರೆ ಕಾರಣವಿಲ್ಲದೆ ರೇಗುತ್ತಾಳೆ, ಹೊಡೆಯಲು ಬರುತ್ತಾಳೆ, ಸಂಬಂಧವಿಲ್ಲದ ಮಾತಾಡುತ್ತಾಳೆ.

ಇದರಲ್ಲಿ ನೀವು ಗಮನಿಸಬೇಕಾದದ್ದು ಎರಡು. ಮೊದಲನೆಯದು ಹೊತ್ತು: ಜ್ವರದ ಉಚ್ಛ್ರಾಯದಲ್ಲಲ್ಲ, ಮಗು ಗುಣವಾಗುತ್ತಿದೆ ಎನ್ನಿಸಿದಾಗ ಇದು ಬರುತ್ತದೆ. ಎರಡನೆಯದು, ಯಕೃತ್ತು ಕೆಟ್ಟಿದ್ದರೂ ಕಾಮಾಲೆ ಸಾಮಾನ್ಯವಾಗಿ ಕಾಣುವುದಿಲ್ಲ. ನಿಲ್ಲದ ವಾಂತಿಯ ಜೊತೆಗೆ ಮಂಪರು ಅಥವಾ ನಡತೆಯಲ್ಲಿ ಬದಲಾವಣೆ ಕಂಡರೆ ಬೆಳಗಾಗುವವರೆಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೊಟ್ಟ ಮಾತ್ರೆಯ ಸ್ಟ್ರಿಪ್ಪನ್ನೂ ಜೊತೆಗೆ ಒಯ್ಯಿರಿ. ಹಸುಗೂಸುಗಳಲ್ಲಿ ವಾಂತಿಯ ಬದಲು ಭೇದಿ, ಏದುಸಿರು ಕಾಣಬಹುದು. ಆಸ್ಪತ್ರೆಯಲ್ಲಿ ರಕ್ತದ ಸಕ್ಕರೆ, ಅಮೋನಿಯಾ, ಯಕೃತ್ತಿನ ಕಿಣ್ವಗಳನ್ನು ಪರೀಕ್ಷಿಸುತ್ತಾರೆ. ಇದಕ್ಕೆಂದೇ ಇರುವ ಮದ್ದು ಇಲ್ಲ. ಗ್ಲೂಕೋಸ್ ಹನಿಸುತ್ತಾರೆ, ಮಿದುಳಿನ ಊತ ಇಳಿಸುತ್ತಾರೆ, ಯಕೃತ್ತು ಚೇತರಿಸಿಕೊಳ್ಳುವವರೆಗೆ ಕಾಪಾಡುತ್ತಾರೆ. ಹಾಗಾಗಿ ಎಷ್ಟು ಬೇಗ ತಲುಪುತ್ತೀರಿ ಎಂಬುದೇ ಮುಖ್ಯ.

ಇದೇ ಹುಡುಗಿಗೆ ಸೋಮವಾರ ಏನು ಕೊಡಬಹುದಿತ್ತು? ಪ್ಯಾರಾಸಿಟಮಾಲ್. ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ ಲೆಕ್ಕ. 20 ಕಿಲೋಗೆ 200ರಿಂದ 300 ಮಿಲಿಗ್ರಾಂ. 5 ಮಿಲಿಲೀಟರಿಗೆ 250 ಮಿಲಿಗ್ರಾಂ ಇರುವ ಸಿರಪ್ ಆದರೆ 5 ಮಿಲಿಲೀಟರ್ ಸಾಕು. ಅದೇ ಬಗೆಯ ಸಿರಪ್ 125 ಮಿಲಿಗ್ರಾಂನದ್ದೂ ಸಿಗುತ್ತದೆ, ಆದ್ದರಿಂದ ಬಾಟಲಿ ಓದದೆ ಅಳೆಯಬೇಡಿ. ಎರಡು ಸಲದ ನಡುವೆ ಕನಿಷ್ಠ ನಾಲ್ಕು ಗಂಟೆ, 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಅಳತೆ ಮೀರಿದರೆ ಪ್ಯಾರಾಸಿಟಮಾಲ್ ಕೂಡ ಯಕೃತ್ತನ್ನು ಕೆಡಿಸುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಔಷಧಿ ಹಾಕುವ ಮೊದಲು ವೈದ್ಯರಿಗೆ ತೋರಿಸಬೇಕು. ನಮ್ಮಲ್ಲಿ ಮಳೆಗಾಲದ ಜ್ವರ ಡೆಂಗಿಯೂ ಆಗಿರಬಹುದು. ಅದರಲ್ಲಿ ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತದೆ. ಬೇಡ ಎನ್ನಲು ಇದು ಮತ್ತೊಂದು ಕಾರಣ.

ಒಂದು ಅಪವಾದ ಹೇಳಿ ಮುಗಿಸುತ್ತೇನೆ. ರಕ್ತನಾಳಗಳು ಉರಿಯೂತಕ್ಕೆ ಒಳಗಾಗುವ ಕಾವಾಸಾಕಿ ಎಂಬ ಕಾಯಿಲೆಯಲ್ಲಿ ಹೃದಯವನ್ನು ಕಾಪಾಡಲು ವೈದ್ಯರೇ ಮಕ್ಕಳಿಗೆ ಆಸ್ಪಿರಿನ್ ಬರೆಯುತ್ತಾರೆ. ನಿಮ್ಮ ಮಗು ಅಂಥದ್ದಾದರೆ ಈ ಲೇಖನ ಓದಿ ಮಾತ್ರೆ ನಿಲ್ಲಿಸಬೇಡಿ. ಫ್ಲೂ ಲಸಿಕೆ, ಸೀತಾಳೆ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ; ಮಗುವಿಗೆ ಜ್ವರ ಬಂದರೆ, ಮನೆಯಲ್ಲೋ ತರಗತಿಯಲ್ಲೋ ಯಾರಿಗಾದರೂ ಸೀತಾಳೆ ಎದ್ದರೆ ಅದೇ ದಿನ ಫೋನ್ ಮಾಡಿ ತಿಳಿಸಿ. ಉಳಿದವರು ಆ ಡಬ್ಬಿಗೆ ಹಿಂದಿರುಗಿ, ಆಸ್ಪಿರಿನ್ ಎಂದು ಬರೆದಿರುವ ಸ್ಟ್ರಿಪ್‌ಗಳನ್ನು ಆರಿಸಿ ಅಜ್ಜನ ಔಷಧಿಗಳ ಜೊತೆ ಬೇರೆ ಇಡಿ. ರಾತ್ರಿ ಎರಡು ಗಂಟೆಗೆ ಮಗುವಿನ ಮೈ ಸುಡುತ್ತಿರುವಾಗ ಸಣ್ಣ ಅಕ್ಷರಗಳನ್ನು ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ.