ಹಂಚಿನ ಮನೆ ‘ಕಚ್ಚಾ’ ಅಲ್ಲ

ಜಾಲಹಳ್ಳಿ ಎಂದರೆ ಹೊರಗಿನವರಿಗೆ ಬಿಇಎಲ್, ಎಚ್ಎಂಟಿ, ವಾಯುಪಡೆ ನೆಲೆ, ಮಗ್ಗುಲಲ್ಲೇ ಪೀಣ್ಯ. ಹಳೇ ಊರಿನ ಗಲ್ಲಿಗಳಿಗೆ ಇಳಿದರೆ ಮಾತ್ರ ಆರ್‌ಸಿಸಿ ಮನೆಗಳ ಸಂದಿಯಲ್ಲಿ ಇನ್ನೂ ಉಳಿದಿರುವ ಹಂಚಿನ ಮನೆಗಳು ಕಣ್ಣಿಗೆ ಬೀಳುತ್ತವೆ. ಅಂಥ ಒಂದು ಮನೆಯ ಹಿರಿಯ ಹೆಣ್ಣುಮಗಳು ಹೋದ ಮಳೆಗಾಲಕ್ಕೆ ಮುಂಚೆ ನನ್ನ ಹತ್ತಿರ ಬಂದಿದ್ದರು. ಪಕ್ಕದ ಸೈಟಿನ ಮರ ಅವರ ಮಾಡಿನ ಮೇಲೆ ವಾಲಿತ್ತು. ಮನೆಗೆ ವಿಮೆ ಮಾಡಿಸೋಣವೆಂದು ಏಜೆಂಟರನ್ನು ಕರೆಸಿದರೆ, ಅವರು ಸುತ್ತ ನೋಡಿ, “ಅಮ್ಮಾ, ಇದು ಕಚ್ಚಾ ಮನೆ, ಕಂಪನಿ ಒಪ್ಪಲ್ಲ” ಎಂದು ಹೇಳಿ ಹೊರಟುಹೋದರಂತೆ.

ನಾನು ಹೋಗಿ ನೋಡಿದೆ. ಮುಂದಿನ ಭಾಗ ಅವರ ಮಾವನವರ ಕಾಲದ್ದು. ಕಲ್ಲಿನ ಪಾಯ, ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ, ಮೇಲೆ ತೊಲೆ, ರೀಪರು, ಮಂಗಳೂರು ಹಂಚು. ಪಕ್ಕಕ್ಕೆ ಮೋಲ್ಡ್ ಹಾಕಿದ ಎರಡು ಕೋಣೆಗಳಿದ್ದವು. ಅವುಗಳಲ್ಲಿ ಪೀಣ್ಯದ ಫ್ಯಾಕ್ಟರಿಗೆ ಹೋಗುವ ಹುಡುಗರು ಬಾಡಿಗೆಗಿದ್ದರು. ಹಿತ್ತಲಲ್ಲಿ ಬಿದಿರು ಗಳುಗಳ ಮೇಲೆ ಟಾರ್ಪಾಲಿನ್ ಎಳೆದ ಸಣ್ಣ ಚಪ್ಪರ, ಅದರಡಿ ಸೌದೆ ಉರಿಸುವ ಹಂಡೆ ಒಲೆ. ಏಜೆಂಟರು ನೋಡಿದ್ದು ಆ ಚಪ್ಪರವನ್ನೊ, ಹಂಚನ್ನೊ, ಮನೆಯ ವಯಸ್ಸನ್ನೊ ಎಂಬುದೇ ಮುಖ್ಯವಾದ ಪ್ರಶ್ನೆ. ಮೂರೂ ಬೇರೆ ಬೇರೆ ತೊಡಕುಗಳು, ಮೂರಕ್ಕೂ ಉತ್ತರ ಬೇರೆ.

ವಾಸದ ಮನೆಗಳಿಗೆ 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) ನಿಗದಿ ಮಾಡಿದೆ. ಆ ಪಾಲಿಸಿಯ ವ್ಯಾಖ್ಯೆಗಳ ಪುಟದಲ್ಲಿ ಕಚ್ಚಾ ಕಟ್ಟಡ ಯಾವುದು ಎಂದು ಬರೆದಿದೆ. ಗೋಡೆಯಾಗಲಿ ಚಾವಣಿಯಾಗಲಿ ಮರದ ಹಲಗೆ, ಸೋಗೆ, ಹುಲ್ಲು, ಬಿದಿರು, ಪ್ಲಾಸ್ಟಿಕ್, ಬಟ್ಟೆ, ಡಾಂಬರು ಹಾಳೆ, ಕ್ಯಾನ್‌ವಾಸ್, ಟಾರ್ಪಾಲಿನ್ ಅಥವಾ ಅಂಥ ವಸ್ತುಗಳಿಂದ ಆಗಿದ್ದರೆ ಅದು ಕಚ್ಚಾ. ಅದಲ್ಲದ್ದೆಲ್ಲ ಪಕ್ಕಾ. ಹಳೆಯ ಅಗ್ನಿ ವಿಮೆಯ ದರಪಟ್ಟಿಯ ಕಾಲದಿಂದಲೂ ಹೆಚ್ಚುಕಮ್ಮಿ ಇದೇ ಮಾತು ನಡೆದುಬಂದಿದೆ.

ಈ ಪಟ್ಟಿಯಲ್ಲಿ ಹಂಚು ಇಲ್ಲ. ಕಲ್ನಾರು ಶೀಟು, ತಗಡು ಇಲ್ಲ. ಮಣ್ಣಿನ ಗೋಡೆಯ ಹೆಸರೂ ಇಲ್ಲ. ಹಂಚಿನ ಕೆಳಗಿನ ತೊಲೆ, ರೀಪರು ಮರದ್ದೇ ಆದರೂ ಅವು ಚಾವಣಿಗೆ ಆಸರೆ ಮಾತ್ರ, ಹೊದಿಕೆ ಹಂಚಿನದು. ಹಾಗಾಗಿ ಮಂಗಳೂರು ಹಂಚಿನ ಮನೆ ಪಾಲಿಸಿಯ ಮಾತಿನ ಪ್ರಕಾರ ಪಕ್ಕಾ ಮನೆ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಜನಗಣತಿಯಲ್ಲಿ ‘ಕಚ್ಚಾ’ ಎಂದರೆ ಬೇರೆ ಅರ್ಥ. ಅಲ್ಲಿ ಮಣ್ಣು, ಹಸಿ ಇಟ್ಟಿಗೆಯ ಗೋಡೆ ಶಾಶ್ವತ ಕಟ್ಟಡಗಳ ಸಾಲಿಗೆ ಸೇರುವುದಿಲ್ಲ. ಬೆಂಗಳೂರಿನ ಆಸ್ತಿ ತೆರಿಗೆಯ ಸ್ವಯಂ ಘೋಷಣೆಯಲ್ಲೂ ಹಂಚು ಮತ್ತು ಶೀಟಿನ ಮನೆಗಳು ಆರ್‌ಸಿಸಿ ಮನೆಗಳಿಂದ ಬೇರೆಯಾದ ವರ್ಗದಲ್ಲಿವೆ. ಏಜೆಂಟರು ತೆರಿಗೆ ರಸೀದಿ ನೋಡಿಯೊ, ರೂಢಿಯ ಮಾತು ನಂಬಿಯೊ ತೀರ್ಪು ಕೊಟ್ಟುಬಿಡುತ್ತಾರೆ. ವಿಮೆಗೆ ಲೆಕ್ಕವಾಗುವುದು ಪಾಲಿಸಿಯೊಳಗಿನ ವ್ಯಾಖ್ಯೆ ಒಂದೇ.

ಮಣ್ಣಿನ ಗೋಡೆಯವರು ಮಾತ್ರ ಸ್ವಲ್ಪ ಎಚ್ಚರ ವಹಿಸಬೇಕು. “ಅಂಥ ವಸ್ತುಗಳು” ಎಂಬ ಬಾಲ ಆ ವಾಕ್ಯಕ್ಕಿದೆ, ಕಂಪನಿ ಅದರೊಳಗೆ ಮಣ್ಣನ್ನೂ ತುರುಕಲು ನೋಡಬಹುದು. ಪಟ್ಟಿಯಲ್ಲಿರುವುದೆಲ್ಲ ಬೇಗ ಹೊತ್ತಿಕೊಳ್ಳುವ ಇಲ್ಲವೆ ಗಾಳಿಗೆ ಹಾರುವ ಹಗುರ ವಸ್ತು, ಮಣ್ಣು ಆ ಜಾತಿಗೆ ಸೇರಿದ್ದಲ್ಲ ಎಂಬುದು ನಮ್ಮ ವಾದ. ಪಾಲಿಸಿಯ ಪದ ಎರಡರ್ಥಕ್ಕೆ ಎಡೆಕೊಟ್ಟರೆ ಗ್ರಾಹಕರ ಪರವಾದ ಅರ್ಥವನ್ನೇ ಹಿಡಿಯಬೇಕೆಂದು ಪುಷ್ಪಾಲಯ ಪ್ರಿಂಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ. ರಸ್ತೆ ಕೆಲಸದ ಬುಲ್ಡೋಜರಿನ ಅದುರಿಗೆ ಕಟ್ಟಡ ಹಾಳಾಗಿದ್ದ ಪ್ರಕರಣವದು. ಆದರೂ ಕ್ಲೇಮ್ ಬಂದಮೇಲೆ ವಾದಿಸುವುದಕ್ಕಿಂತ, ಪಾಲಿಸಿ ಕೊಳ್ಳುವಾಗಲೇ “ಗೋಡೆ ಮಣ್ಣಿನದು, ಚಾವಣಿ ಹಂಚಿನದು, ಇದನ್ನು ಪಕ್ಕಾ ಎಂದು ಪರಿಗಣಿಸಿದ್ದೀರಾ?” ಎಂದು ಇಮೇಲಿನಲ್ಲಿ ಕೇಳಿ ಉತ್ತರ ಪಡೆದಿಟ್ಟುಕೊಳ್ಳುವುದು ಮೇಲು.

ವ್ಯಾಖ್ಯೆಯ ಪ್ರಕಾರ ಪಕ್ಕಾ ಎಂದಾದರೂ ಕಂಪನಿ ಒಪ್ಪಲೇಬೇಕು ಎಂದೇನಿಲ್ಲ. ಪಾಲಿಸಿಯ ಷರತ್ತುಗಳನ್ನು ಪ್ರಾಧಿಕಾರ ನಿಗದಿ ಮಾಡಿದೆಯೇ ಹೊರತು ದರವನ್ನಲ್ಲ. 2007ರ ಜನವರಿಯಿಂದ ಅಗ್ನಿ ವಿಮೆಯ ದರ ಕಂಪನಿಗಳ ಕೈಗೇ ಹೋಗಿದೆ, ಯಾವ ಮನೆ ಬೇಕು ಯಾವುದು ಬೇಡ ಎಂಬ ಆಯ್ಕೆಯೂ ಅವರದೇ. ಹಳೇ ಮನೆ ಎಂದರೆ ಅವರು ಹಿಂಜರಿಯುವುದಕ್ಕೆ ನಿಜವಾದ ಕಾರಣ ಪಾಲಿಸಿಯೊಳಗೇ ಇದೆ. ಗೃಹ ರಕ್ಷಾದಲ್ಲಿ ವಿಮಾ ಮೊತ್ತವನ್ನು ಲೆಕ್ಕ ಹಾಕುವುದು ಮನೆಯ ಇಂದಿನ ಬೆಲೆಯ ಮೇಲಲ್ಲ, ಹೊಸದಾಗಿ ಕಟ್ಟುವ ಖರ್ಚಿನ ಮೇಲೆ: ಕಾರ್ಪೆಟ್ ಅಳತೆಯನ್ನು ಚದರ ಮೀಟರಿನ ಈಗಿನ ಕಟ್ಟುವ ವೆಚ್ಚದಿಂದ ಗುಣಿಸಬೇಕು. ಅರವತ್ತು ವರ್ಷದ ಮನೆಗೂ ಹೊಸ ಮನೆಯ ದುಡ್ಡು. ಮನೆಯವರಿಗೆ ಇದು ದೊಡ್ಡ ಲಾಭ, ಆದರೆ ಇದೇ ಕಾರಣಕ್ಕೆ ಅರ್ಜಿಯಲ್ಲಿ ವಯಸ್ಸು ಕೇಳುತ್ತಾರೆ, ಫೋಟೊ ಕೇಳುತ್ತಾರೆ, ಕೆಲವೊಮ್ಮೆ ಕಟ್ಟಡ ಗಟ್ಟಿಯಾಗಿದೆಯೆಂದು ಎಂಜಿನಿಯರರ ಪತ್ರ ಕೇಳುತ್ತಾರೆ. ಗೆದ್ದಲು ಹಿಡಿದ ತೊಲೆ, ಕೂತುಹೋದ ಮಾಡಿನ ನಡು, ಬಿರುಕು ಬಿಟ್ಟ ಮೂಲೆ ಕಂಡರೆ ಒಪ್ಪಿಗೆ ಸಿಗುವುದು ಕಷ್ಟ. ಒಪ್ಪಿದರೂ ತೊಲೆ ಹಳತಾಗಿ ತಾನೇ ಮುರಿದುಬಿದ್ದರೆ ಪರಿಹಾರವಿಲ್ಲ, ಸವೆತಕ್ಕೆ ವಿಮೆ ಇಲ್ಲ. ಪಕ್ಕದ ಮರ ಮಾಡಿನ ಮೇಲೆ ಬಿದ್ದರೆ ಪರಿಹಾರ ಉಂಟು, ಅದು ಹೊರಗಿನ ವಸ್ತುವಿನ ಹೊಡೆತ.

ಮತ್ತೆ ಆ ಮನೆಗೇ ಬರೋಣ, ಲೆಕ್ಕ ಅಲ್ಲಿ ತಿಳಿಯಾಗುತ್ತದೆ. ಹಂಚಿನ ಭಾಗ 60 ಚದರ ಮೀಟರ್, ಮೋಲ್ಡ್ ಕೋಣೆಗಳು 30, ಹಿತ್ತಲ ಚಪ್ಪರ 12 ಎಂದಿಟ್ಟುಕೊಳ್ಳಿ. ಕಟ್ಟುವ ವೆಚ್ಚ ಚದರ ಮೀಟರಿಗೆ 20,000 ರೂಪಾಯಿ ಹಿಡಿದರೆ ಹಂಚಿನ ಭಾಗಕ್ಕೆ 12 ಲಕ್ಷ, ಕೋಣೆಗಳಿಗೆ 6 ಲಕ್ಷ, ಒಟ್ಟು 18 ಲಕ್ಷ. ದರ ಸಾವಿರಕ್ಕೆ 50 ಪೈಸೆ ಎಂದು ಹಿಡಿದರೆ ವರ್ಷಕ್ಕೆ 900 ರೂಪಾಯಿ ಪ್ರೀಮಿಯಂ, ತೆರಿಗೆ ಬೇರೆ. ಅದೇ ಮನೆಯನ್ನು ಇಡಿಯಾಗಿ ಕಚ್ಚಾ ಎಂದು ಬರೆದು ಸಾವಿರಕ್ಕೆ 4 ರೂಪಾಯಿ ಹೆಚ್ಚುವರಿ ಹಾಕಿದರು ಎನ್ನಿ, ಇನ್ನೂ 7,200 ರೂಪಾಯಿ ಸೇರುತ್ತದೆ. 12 ಚದರ ಮೀಟರಿನ ಒಂದು ಚಪ್ಪರ ಇಡೀ ಮನೆಯ ಪ್ರೀಮಿಯಂ ಅನ್ನು ಒಂಬತ್ತು ಪಟ್ಟು ಮಾಡಿತು!

ವ್ಯಾಖ್ಯೆಯಲ್ಲಿ ಗೋಡೆ ‘ಅಥವಾ’ ಚಾವಣಿ ಎಂದಿರುವುದರಿಂದ ಅಂಟಿಕೊಂಡ ಚಪ್ಪರ ಮನೆಗೆ ಆ ಹಣೆಪಟ್ಟಿ ಕಟ್ಟಬಲ್ಲದು. ನಾನು ಅವರಿಗೆ ಹೇಳಿದ್ದು ಇಷ್ಟೆ. ಮನೆಯ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮೂರು ಭಾಗಗಳ ಅಳತೆ, ಗೋಡೆ, ಚಾವಣಿ, ಕಟ್ಟಿದ ವರ್ಷ ಬೇರೆ ಬೇರೆ ಕಾಣಿಸಿ. ಹಂಚಿನ ಭಾಗಕ್ಕೂ ಮೋಲ್ಡ್ ಕೋಣೆಗಳಿಗೂ ಪ್ರತ್ಯೇಕ ಮೊತ್ತ ಹಾಕಿ ವಿಮೆ ಕೇಳಿ, ಚಪ್ಪರಕ್ಕೆ ವಿಮೆ ಬೇಡವೆಂದು ಬರೆಯಿರಿ. ಬೇಡವೆಂದರೆ ಮುಚ್ಚಿಡುವುದಲ್ಲ, ಅದು ಅಲ್ಲಿದೆ, ಅದರಡಿ ಒಲೆ ಉರಿಯುತ್ತದೆ ಎಂಬುದನ್ನೂ ಬರೆಯಬೇಕು. ಆಗುವುದಾದರೆ ಚಪ್ಪರ ಕಿತ್ತು, ಗೋಡೆಯಿಂದ ದೂರಕ್ಕೆ ತಗಡಿನ ಮಾಡು ಹಾಕಿಸಿ. ಅವರು ಅದನ್ನೇ ಮಾಡಿದರು. ಬಿದಿರು, ಟಾರ್ಪಾಲಿನ್ ಹೋಯಿತು, ಎರಡನೇ ಅರ್ಜಿಗೆ ಪಾಲಿಸಿ ಬಂತು. ಮುಂದಿನ ಕೋಣೆಯನ್ನು ಅಂಗಡಿಗೆ ಕೊಟ್ಟವರು ಇನ್ನೊಂದು ಮಾತು ಗಮನಿಸಬೇಕು: ಗೃಹ ರಕ್ಷಾ ವಾಸದ ಮನೆಗೆ ಮಾತ್ರ, ಅಂಗಡಿಗೆ ‘ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಬೇರೆ ಪಾಲಿಸಿ ಇದೆ.

ಮುಚ್ಚಿಟ್ಟರೆ ಏನಾಗುತ್ತದೆ? ಪಾಲಿಸಿ ಸುಲಭವಾಗಿ ಸಿಗುತ್ತದೆ, ಪರಿಹಾರ ಸಿಗುವುದಿಲ್ಲ. ಬೆಂಕಿ ಬಿದ್ದ ಮೇಲೆ ಸರ್ವೇಯರ್ ಬರುತ್ತಾರೆ, ಸುಟ್ಟ ಬಿದಿರಿನ ಬೂದಿ ಅವರಿಗೆ ಕಾಣುತ್ತದೆ. ವಿಮೆ ಒಪ್ಪಬೇಕೊ ಬೇಡವೊ, ಪ್ರೀಮಿಯಂ ಎಷ್ಟು ಎಂಬ ಕಂಪನಿಯ ನಿರ್ಧಾರವನ್ನು ಬದಲಿಸಬಲ್ಲ ಸಂಗತಿ ಮಹತ್ವದ ಸಂಗತಿ, ಅದನ್ನು ತಿಳಿಸದಿದ್ದರೆ ಕ್ಲೇಮ್ ನಿರಾಕರಿಸಬಹುದು ಎಂದು ಸತ್ವಂತ್ ಕೌರ್ ಸಂಧು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ಆರೋಗ್ಯ ವಿಮೆಯ ಪ್ರಕರಣವಾದರೂ ತತ್ವ ಎಲ್ಲ ವಿಮೆಗೂ ಒಂದೇ. ಅರ್ಜಿ ತುಂಬಿದ್ದು ಏಜೆಂಟರಾದರೂ ಸಹಿ ನಿಮ್ಮದು. “ಆರ್‌ಸಿಸಿ ಅಂತ ಹಾಕಿಬಿಡ್ತೀನಿ, ಯಾರೂ ನೋಡಲ್ಲ” ಎನ್ನುವವರ ಕೈಗೆ ಖಾಲಿ ಅರ್ಜಿಗೆ ಸಹಿ ಮಾಡಿ ಕೊಡಬೇಡಿ. ಭಾಷೆ ಬಾರದಿದ್ದರೆ ವಿವರಿಸಿ ಹೇಳಿಸಿಕೊಳ್ಳಿ, ತುಂಬಿದ ಅರ್ಜಿಯ ಪ್ರತಿ ಕೇಳಿ ಇಟ್ಟುಕೊಳ್ಳಿ. ಆ ಪ್ರತಿ ಉಚಿತ, ಅದು ನಿಮ್ಮ ಹಕ್ಕು.

ನಿರಾಕರಣೆ ಬಾಯಿಮಾತಿನದಾದರೆ ಅದು ನಿರಾಕರಣೆಯೇ ಅಲ್ಲ. ಏಜೆಂಟರಿಗೆ ಒಪ್ಪುವ, ಬಿಡುವ ಅಧಿಕಾರವಿಲ್ಲ, ಅದು ಕಂಪನಿಯದು. ಅರ್ಜಿ ಕೊಟ್ಟರೆ ಕಂಪನಿ ತನ್ನ ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕು. 2017ರ ನಿಯಮಾವಳಿ ಇದಕ್ಕೆ 15 ದಿನ ಕೊಟ್ಟಿತ್ತು, 2024ರ ನಿಯಮಗಳು ಗಡುವನ್ನು ಇನ್ನೂ ಬಿಗಿ ಮಾಡಿವೆ. ಹಾಗಾಗಿ ಅರ್ಜಿಯನ್ನು ಕಂಪನಿಯ ಶಾಖೆಗೇ ಕೊಟ್ಟು ಸ್ವೀಕೃತಿ ಪಡೆಯಿರಿ. ಆನ್‌ಲೈನಿನಲ್ಲಿ ವಯಸ್ಸು ಹಾಕಿದೊಡನೆ ಪುಟ ಮುಂದಕ್ಕೆ ಹೋಗದಿದ್ದರೂ ಶಾಖೆಗೇ ಹೋಗಿ.

ಹಣ ಕಟ್ಟಿದ ಮಾತ್ರಕ್ಕೆ ಮನೆಗೆ ರಕ್ಷಣೆ ಬಂತೆಂದು ತಿಳಿಯಬೇಡಿ. ವಿಮಾ ಕಾಯ್ದೆಯ 64ವಿಬಿ ಕಲಮಿನಂತೆ ಪ್ರೀಮಿಯಂ ಕಟ್ಟದೆ ಹೊಣೆ ಶುರುವಾಗುವುದಿಲ್ಲ, ಆದರೆ ಕಟ್ಟಿದರೂ ಕಂಪನಿ ಒಪ್ಪುವವರೆಗೆ ಕರಾರು ಹುಟ್ಟುವುದಿಲ್ಲ. ಹಣ ಇಟ್ಟುಕೊಂಡು ಪಾಲಿಸಿಯನ್ನೂ ಕೊಡದೆ ಸುಮ್ಮನಿದ್ದರೆ ಅದು ದೂರಿಗೆ ಅರ್ಹವಾದ ತಪ್ಪು. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ, ಜೊತೆಗೆ ಪ್ರಾಧಿಕಾರದ bimabharosa.irdai.gov.in ತಾಣದಲ್ಲಿ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಇಲ್ಲವೆ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಪ್ರೀಮಿಯಂ ಪಡೆದು ಪಾಲಿಸಿ ಕೊಡದಿರುವುದು, ಅರ್ಜಿಯಲ್ಲಿ ಬರೆದದ್ದಕ್ಕೆ ಹೊಂದದ ಪಾಲಿಸಿ ಕೊಟ್ಟಿರುವುದು, ಪಾಲಿಸಿಯ ಅರ್ಥದ ಕುರಿತ ತಕರಾರು ಇವೆಲ್ಲ ಅವರ ವ್ಯಾಪ್ತಿಗೆ ಬರುತ್ತವೆ. ಹಣವನ್ನೇ ಪಡೆಯದೆ, ಕಾರಣ ಬರೆದು “ನಮಗೆ ಈ ಮನೆ ಬೇಡ” ಎಂದ ಕಂಪನಿಯನ್ನು ಒಪ್ಪುವಂತೆ ಮಾಡಲು ಅಲ್ಲಿ ಆಗುವುದಿಲ್ಲ. ಆಗ ಆ ಪತ್ರ ಹಿಡಿದು, ಅದರಲ್ಲಿ ಹೇಳಿದ ಕೊರತೆ ಸರಿಪಡಿಸಿ, ಇನ್ನೊಂದು ಕಂಪನಿಯ ಬಾಗಿಲಿಗೆ ಹೋಗುವುದೇ ದಾರಿ. ಒಂದು ಕಂಪನಿ ಬೇಡವೆಂದ ಮನೆಯನ್ನು ಇನ್ನೊಂದು ಒಪ್ಪುವುದುಂಟು. ಹಿಂದಿನ ನಿರಾಕರಣೆಯ ಬಗ್ಗೆ ಅರ್ಜಿಯಲ್ಲಿ ಕೇಳಿದ್ದರೆ ಅದನ್ನು ಮುಚ್ಚಿಡದೆ ತಿಳಿಸಿ.

ಸೋಗೆ, ಹುಲ್ಲಿನ ಮನೆಯವರ ಸ್ಥಿತಿ ಇದಕ್ಕಿಂತ ಕಷ್ಟದ್ದು. ಅವರದು ವ್ಯಾಖ್ಯೆಯ ಪ್ರಕಾರವೇ ಕಚ್ಚಾ, ಹೆಚ್ಚು ಕಡೆ ಬಾಗಿಲು ಮುಚ್ಚಿದೆ. ಅವರಿಗೆ ಉಳಿಯುವುದು ಪ್ರಕೃತಿ ವಿಕೋಪದ ಸರ್ಕಾರಿ ನೆರವು. 2022ರಿಂದ 2026ರವರೆಗಿನ ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ ನಾಶವಾದ ಒಂದು ಗುಡಿಸಲಿಗೆ ಇಟ್ಟಿರುವ ಮೊತ್ತ 8,000 ರೂಪಾಯಿ.